ಒಂದು ಬೇಸಿಗೆ ರಜೆಯಲ್ಲಿ ಹುಡುಗ ಎಷ್ಟು ಉದ್ದ ಆಗಬಹುದು?

ಪ್ರಶ್ನೆ: ಡಾಕ್ಟ್ರೇ, ನಾನು ಡೊಂಬಿವಲಿಯವಳು. ನಮ್ಮ ಕನ್ನಡ ಸಂಘದ ದೀಪಾವಳಿ ಸಂಚಿಕೆಗೆ ಒಂದು ಸಣ್ಣಕಥೆ ಬರೆದಿದ್ದೇನೆ. ನಾಯಕ ಸುಹಾಸ, ಎಂಟನೇ ಕ್ಲಾಸ್. ಐದನೇ ಕ್ಲಾಸಿನಿಂದ ಎಲ್ಲರೂ ಅವನನ್ನು ‘ಟಿಂಗೂ’, ‘ಹಾಫ್ ಟಿಕೆಟ್’ ಅಂತ ರೇಗಿಸುತ್ತಾರೆ. ಮೇ ರಜೆಯಲ್ಲಿ ಕುಂದಾಪುರದ ಹತ್ತಿರ ಅಜ್ಜಿ ಮನೆಗೆ ಹೋಗುತ್ತಾನೆ. ಅಲ್ಲಿ ಮಾವಿನ ಕೊಂಬೆಗೆ ನೇತಾಡುತ್ತಾನೆ, ಚೆನ್ನಾಗಿ ತಿನ್ನುತ್ತಾನೆ. ಜೂನ್‌ನಲ್ಲಿ ಶಾಲೆಗೆ ಬಂದಾಗ ಆರು ಇಂಚು ಉದ್ದ ಆಗಿರುತ್ತಾನೆ. ಅವನನ್ನು ಕಾಡಿದ ಹುಡುಗನನ್ನು ಒಂದೇ ಕೈಯಲ್ಲಿ ತಳ್ಳಿ ಬೀಳಿಸುತ್ತಾನೆ. ಓದಿದ ಗೆಳತಿ ‘ಇದು ನಂಬೋ ಹಾಗಿಲ್ಲ’ ಅಂದಳು. ತಡವಾಗಿ ಬೆಳೆಯುವ ಹುಡುಗರು ಹೀಗೆ ಒಂದೇ ಬೇಸಿಗೆಯಲ್ಲಿ ಬೆಳೆಯುವುದಿಲ್ಲವಾ? ಕಥೆಯನ್ನು ಎಲ್ಲಿ ತಿದ್ದಲಿ?

ಉತ್ತರ:

ನಿಮ್ಮ ಗೆಳತಿ ಹೇಳಿದ್ದು ಸರಿ. ಆದರೆ ಕಥೆ ಎಸೆಯುವಂಥದ್ದಲ್ಲ. ಸುಹಾಸನಂಥ ಹುಡುಗರು ಇದ್ದಾರೆ. ಮಕ್ಕಳ ಬೆಳವಣಿಗೆ ನೋಡುವ ನಮ್ಮಂಥ ಡಾಕ್ಟರುಗಳ ಹತ್ತಿರ ಬರುವ ಗಿಡ್ಡ ಹುಡುಗರಲ್ಲಿ ಇವರದು ದೊಡ್ಡ ಪಾಲು. ನಿಮ್ಮ ಲೆಕ್ಕ ತಪ್ಪಿರುವುದು ಕ್ಯಾಲೆಂಡರಿನಲ್ಲಿ ಮಾತ್ರ.

ಮೊದಲು ಆರು ಇಂಚಿನ ವಿಷಯ ನೋಡೋಣ. ಆರು ಇಂಚು ಅಂದರೆ 15 ಸೆಂಟಿಮೀಟರ್. ಮುಂಬೈ ಕಡೆ ಮೇ ರಜೆ ಜೂನ್ ಮಧ್ಯದವರೆಗೆ, ಅಂದರೆ ಹೆಚ್ಚುಕಡಿಮೆ ಆರು ವಾರ. ಅದೇ ವೇಗದಲ್ಲಿ ಅವನು ವರ್ಷವಿಡೀ ಬೆಳೆದರೆ 130 ಸೆಂಟಿಮೀಟರ್ ಜಾಸ್ತಿಯಾಗಿ ಸೀಲಿಂಗ್ ಫ್ಯಾನಿಗೆ ತಲೆ ತಾಗುತ್ತದೆ! ನಿಜದಲ್ಲಿ ಹರೆಯಕ್ಕೆ ಮುಂಚೆ ಮಕ್ಕಳು ವರ್ಷಕ್ಕೆ 4ರಿಂದ 6 ಸೆಂಟಿಮೀಟರ್ ಬೆಳೆಯುತ್ತಾರೆ. ಹರೆಯದ ಜೋರಿನ ವರ್ಷದಲ್ಲಿ ಸಾಮಾನ್ಯ ಹುಡುಗ 9 ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತಾನೆ. ಕೆಲವರು 12ರವರೆಗೂ ಹೋಗುತ್ತಾರೆ. ಆದರೆ ಹಾಗೆ ಜೋರಾಗಿ ಚಿಮ್ಮುವವರು ಹೆಚ್ಚಾಗಿ ಬೇಗ ಹರೆಯಕ್ಕೆ ಬಂದ ಹುಡುಗರು. ತಡವಾಗಿ ಶುರುವಾದವನ ಜೋರು ಸ್ವಲ್ಪ ತಗ್ಗೇ ಇರುತ್ತದೆ, ವರ್ಷಕ್ಕೆ 8 ಅಥವಾ 9. ಅಂದರೆ ಬೆಳವಣಿಗೆಯ ತುದಿಯಲ್ಲಿದ್ದಾಗಲೂ ಆರು ವಾರಕ್ಕೆ ಅವನಿಗೆ ಸಿಗುವುದು ಒಂದು ಸೆಂಟಿಮೀಟರ್.

ಈ ಒಂದು ಸೆಂಟಿಮೀಟರ್ ಕಣ್ಣಿಗೆ ಕಾಣಿಸುವುದೂ ಇಲ್ಲ. ನಾವೆಲ್ಲ ಬೆಳಿಗ್ಗೆ ಎದ್ದಾಗ ಇದ್ದಷ್ಟು ಉದ್ದ ಸಂಜೆ ಇರುವುದಿಲ್ಲ. ದಿನವಿಡೀ ನಿಂತು ಕೂತು ಬೆನ್ನೆಲುಬಿನ ನಡುವಿನ ಮೆತ್ತನೆ ಬಿಲ್ಲೆಗಳು ಅದುಮಿಕೊಂಡು, ಒಂದು ಸೆಂಟಿಮೀಟರಿನಷ್ಟು ಕುಗ್ಗುತ್ತೇವೆ. ರಾತ್ರಿ ಮಲಗಿದರೆ ಮತ್ತೆ ವಾಪಸ್. ಹಾಗಾಗಿ ಡೊಂಬಿವಲಿಯ ಮನೆಯಲ್ಲಿ ರಾತ್ರಿ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೆರೆ ಹಾಕಿದ ಹುಡುಗನನ್ನು, ರೈಲಿನ ಬರ್ತಿನಲ್ಲಿ ರಾತ್ರಿಯೆಲ್ಲ ಮಲಗಿಸಿ, ಊರಲ್ಲಿ ಇಳಿದ ತಕ್ಷಣ ಅಜ್ಜ ಅಳೆದರೆ ಏನೂ ಬೆಳೆಯದೆಯೇ ಉದ್ದ ಆಗಿರುತ್ತಾನೆ. ಇದನ್ನು ಬೇಕಾದರೆ ಕಥೆಯಲ್ಲಿ ಬಳಸಿ. ಅಜ್ಜ ಖುಷಿಪಟ್ಟು, ವಾಪಸ್ ಬಂದ ಸಂಜೆ ಅಮ್ಮ ಅಳೆದಾಗ ಹುಡುಗ ಮತ್ತೆ ಹಳೆ ಗೆರೆಯಲ್ಲೇ ನಿಲ್ಲುವುದು ನಗು ತರಿಸುವ ಜಾಗವೂ ಹೌದು, ಆ ವಯಸ್ಸಿನವನಿಗೆ ಚುಚ್ಚುವ ಜಾಗವೂ ಹೌದು.

ಹಾಗಾದರೆ ‘ಒಂದೇ ಬೇಸಿಗೆಯಲ್ಲಿ ಉದ್ದ ಆದ’ ಅಂತ ಎಲ್ಲರೂ ಯಾಕೆ ಹೇಳುತ್ತಾರೆ? ದಿನಾ ನೋಡುವವರಿಗೆ ಬೆಳವಣಿಗೆ ಕಾಣಿಸುವುದಿಲ್ಲ. ಯಾರು ಕೊನೆಯ ಸಲ ಯಾವಾಗ ನೋಡಿದ್ದರು ಅನ್ನುವುದರ ಮೇಲೆ ಆಶ್ಚರ್ಯದ ಅಳತೆ ನಿಂತಿರುತ್ತದೆ. ನಿಮ್ಮ ಕಥೆಯಲ್ಲಿ ಆರು ವಾರ ನೋಡದಿದ್ದ ಕ್ಲಾಸಿನ ಹುಡುಗರು ಬೆಚ್ಚಿಬೀಳುತ್ತಾರೆ. ನಿಜದಲ್ಲಿ ಬೆಚ್ಚಿಬೀಳಬೇಕಾದವರು ಅಜ್ಜಿ. ಅವರು ಅವನನ್ನು ನೋಡುವುದು ವರ್ಷಕ್ಕೊಮ್ಮೆ. ನನ್ನ ಪ್ರಕಾರ ನಿಮ್ಮ ಕಥೆಯ ಕೀಲು ಇರುವುದು ಇಲ್ಲೇ. ಅದನ್ನು ಬಿಡಿಸಿ ಹೇಳಲು ಸುಹಾಸನಿಗೆ ಒಂದು ನಂಬುವಂಥ ಲೆಕ್ಕ ಬರೆದುಕೊಡುತ್ತೇನೆ.

ಎಂಟನೇ ಕ್ಲಾಸ್ ಮುಗಿದ ಮೇ ತಿಂಗಳಲ್ಲಿ ಅವನಿಗೆ 14 ಎನ್ನೋಣ. ಎತ್ತರ 142.5 ಸೆಂಟಿಮೀಟರ್. ಹಿಂದಿನ ವರ್ಷ ಬರೀ 4 ಸೆಂಟಿಮೀಟರ್ ಬೆಳೆದಿದ್ದಾನೆ. ಹರೆಯ ಶುರುವಾಗುವ ಮುಂಚೆ ಎಲ್ಲ ಮಕ್ಕಳ ವೇಗವೂ ಸ್ವಲ್ಪ ತಗ್ಗುತ್ತದೆ. ತಡವಾದವರಲ್ಲಿ ಆ ತಗ್ಗು ಇನ್ನೂ ಉದ್ದ ಎಳೆಯುತ್ತದೆ. ಅದೇ ಹೊತ್ತಿಗೆ ಜೊತೆಯವರು ಚಿಮ್ಮುತ್ತಿರುತ್ತಾರೆ. ಹಾಗಾಗಿ ಐದನೇ ಕ್ಲಾಸಿನಲ್ಲಿ ‘ಸ್ವಲ್ಪ ಗಿಡ್ಡ’ ಅನಿಸಿದವನು ಎಂಟನೆಯದಕ್ಕೆ ಬರುವಾಗ ತಮ್ಮನ ಹಾಗೆ ಕಾಣುತ್ತಾನೆ. ರೇಗಿಸುವಿಕೆ ವರ್ಷದಿಂದ ವರ್ಷಕ್ಕೆ ಏರುವುದಕ್ಕೆ ಇದೇ ಕಾರಣ. ನಿಮ್ಮ ಕಥೆಯಲ್ಲಿ ಅದು ಐದರಿಂದ ಎಂಟರವರೆಗೆ ಒಂದೇ ಮಟ್ಟದಲ್ಲಿದೆ, ಏರಿಸಿ.

ಹುಡುಗಿಯರನ್ನೂ ಮರೆಯಬೇಡಿ. ಅವರ ಜೋರಿನ ಬೆಳವಣಿಗೆ ಹರೆಯದ ಆರಂಭದಲ್ಲೇ ಬರುತ್ತದೆ, ಹುಡುಗರದು ಹರೆಯ ಅರ್ಧ ದಾಟಿದ ಮೇಲೆ. ಆರು, ಏಳನೇ ಕ್ಲಾಸಿನಲ್ಲಿ ಸುಹಾಸನಿಗಿಂತ ಒಂದು ತಲೆ ಎತ್ತರದ ಹುಡುಗಿ ಪಕ್ಕದ ಬೆಂಚಿನಲ್ಲಿ ಇರಲೇಬೇಕು.

ಇನ್ನೊಂದು ವಿಷಯ ಕಥೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಇಂಥ ಹುಡುಗರು ಹೇಳಿಕೊಳ್ಳುವುದು ಎತ್ತರದ ದುಃಖ. ಒಳಗಿನ ದುಃಖ ಬೇರೆ ಇರುತ್ತದೆ. 13, 14ಕ್ಕೆ ಜೊತೆಯವರಿಗೆ ಮೀಸೆ ಕಪ್ಪಾಗುತ್ತಿರುತ್ತದೆ, ದನಿ ಒಡೆದಿರುತ್ತದೆ. ಇವನ ದನಿ ಇನ್ನೂ ಕೀರಲು. ಫೋನ್ ಎತ್ತಿದರೆ ‘ಬೇಟಿ, ಮಮ್ಮಿ ಕೋ ದೋ’ ಅನ್ನುತ್ತಾರೆ. ಈಜಲು ಹೋದಾಗ ಬಟ್ಟೆ ಬದಲಿಸುವ ಕೋಣೆಗೆ ಕಾಲಿಡುವುದಿಲ್ಲ, ಶೀತ ಅಂತ ನೆಪ ಹೇಳುತ್ತಾನೆ. ‘ಟಿಂಗೂ’ ಅನ್ನುವ ಕರೆಗಿಂತ ಈ ನೆಪಗಳಲ್ಲಿ ನಿಮ್ಮ ಕಥೆಗೆ ಜಾಸ್ತಿ ಬೆಲೆಯಿದೆ. ‘ಹಾಫ್ ಟಿಕೆಟ್’ ಅಡ್ಡಹೆಸರು ಮಾತ್ರ ಬಹಳ ಚೆನ್ನಾಗಿದೆ. ರೈಲಿನಲ್ಲಿ ಅರ್ಧ ಟಿಕೆಟ್ 12 ತುಂಬುವವರೆಗೆ ಮಾತ್ರ. 14 ವರ್ಷದವನಿಗೆ ಕೌಂಟರಿನಲ್ಲಿ ಕೇಳದೆಯೇ ಅರ್ಧ ಟಿಕೆಟ್ ಹರಿದು ಕೊಟ್ಟರೆ ಅವನ ಮುಖ ಹೇಗಾಗುತ್ತದೆ ಅನ್ನುವುದನ್ನು ನೀವೇ ಬರೆಯಿರಿ.

ಈಗ ಡಾಕ್ಟರ್ ಬರುವ ದೃಶ್ಯ. ನಿಮ್ಮ ಕಥೆಯಲ್ಲಿ ಡಾಕ್ಟರೇ ಇಲ್ಲ. ಮುಂಬೈಯಲ್ಲಿ ಮಗನ ಎತ್ತರದ ಬಗ್ಗೆ ಮೂರು ವರ್ಷ ಚಿಂತೆ ಮಾಡಿದ ತಂದೆತಾಯಿ ಯಾರಿಗೂ ತೋರಿಸದೆ ಇರುತ್ತಾರಾ? ಅಷ್ಟರಲ್ಲಿ ಒಂದೆರಡು ಡಬ್ಬ ‘ಹೈಟ್’ ಪುಡಿಯೂ ಖಾಲಿಯಾಗಿರುತ್ತದೆ. ಅದರಿಂದ ಎತ್ತರ ಬರುವುದಿಲ್ಲ ಅಂತ ಕಥೆಯಲ್ಲಿ ಉಪದೇಶ ಮಾಡುವುದು ಬೇಡ, ಅಡುಗೆಮನೆ ಶೆಲ್ಫಿನಲ್ಲಿ ಖಾಲಿ ಡಬ್ಬಗಳಿಗೆ ಹುಣಸೆಹಣ್ಣು ತುಂಬಿಸಿಟ್ಟರೆ ಸಾಕು.

ಎಂಟನೇ ಕ್ಲಾಸಿನ ನಡುವೆ, ಅವನಿಗೆ 13 ವರೆ ಇದ್ದಾಗ, ಅಪ್ಪ ಕರೆದುಕೊಂಡು ಬರಲಿ. ಡಾಕ್ಟರ್ ಮೊದಲು ಗೋಡೆಯ ಮಾಪಕಕ್ಕೆ ನಿಲ್ಲಿಸುತ್ತಾರೆ. ಚಪ್ಪಲಿ, ಸಾಕ್ಸ್ ಬಿಚ್ಚಿಸಿ, ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿಸಿ, ಕಣ್ಣು ನೇರ ಮುಂದಕ್ಕೆ ನೋಡುವಂತೆ ಮಾಡುತ್ತಾರೆ. ಆಮೇಲೆ ಭಾರತದ ಮಕ್ಕಳ ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆ ಇಡುತ್ತಾರೆ. ನಾವು ಬಳಸುವುದು ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಚಾರ್ಟು. ಅದರ ಹಿಂದೆ ಪುಣೆಯ ಖಾಡಿಲ್ಕರ್ ದಂಪತಿಯ ಕೆಲಸ ಬಹಳ ಇದೆ. ಸುಹಾಸನ ಚುಕ್ಕೆ ಕೆಳಗಿನ ಗೆರೆಯ ಆಸುಪಾಸು ಬೀಳುತ್ತದೆ.

ಆಮೇಲೆ ಡಾಕ್ಟರ್ ಹುಡುಗನನ್ನು ಬಿಟ್ಟು ಅಪ್ಪನ ಕಡೆ ತಿರುಗುತ್ತಾರೆ. ‘ನೀವು ಯಾವಾಗ ಉದ್ದ ಆದ್ರಿ?’ ಈ ಪ್ರಶ್ನೆಯೇ ಅರ್ಧ ಪರೀಕ್ಷೆ. ತಡವಾಗಿ ಬೆಳೆಯುವುದು ಬಹುತೇಕ ಮನೆತನದಲ್ಲಿ ಬರುವ ಗುಣ. ‘ಪಿಯುಸಿ ಮುಗಿಯೋವರೆಗೂ ನಾನೂ ಮುಂದಿನ ಸಾಲಿನಲ್ಲೇ ಕೂರ್ತಿದ್ದೆ. ಮುಂಬೈಗೆ ಬಂದು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಪ್ಯಾಂಟು ಗಿಡ್ಡ ಆಗೋಕೆ ಶುರುವಾಯ್ತು’ ಅಂತ ಅಪ್ಪ ಹೇಳಬಹುದು. ಈ ಮಾತನ್ನು ಅಪ್ಪ ಮನೆಯಲ್ಲಿ ಮಗನಿಗೆ ಯಾವತ್ತೂ ಹೇಳಿರುವುದಿಲ್ಲ. ಹುಡುಗ ಅದನ್ನು ಮೊದಲ ಸಲ ಕೇಳುವುದು ಆ ಕ್ಲಿನಿಕ್ಕಿನಲ್ಲೇ. ನಾನು ಕಥೆಗಾರನಾಗಿದ್ದರೆ ಇದನ್ನು ಬಿಡುತ್ತಿರಲಿಲ್ಲ.

ಮತ್ತೊಂದು ಪರೀಕ್ಷೆ ಎಡಗೈಯ ಎಕ್ಸ್‌ರೇ. ಬೆರಳು ಮತ್ತು ಮಣಿಕಟ್ಟಿನ ಮೂಳೆಗಳು ಎಷ್ಟು ಬಲಿತಿವೆ ಅಂತ ನೋಡಿ ಮೂಳೆಯ ವಯಸ್ಸು ಹೇಳುತ್ತಾರೆ. ಸುಹಾಸನಿಗೆ 13 ವರೆ ಆದರೂ ಅವನ ಮೂಳೆಗೆ 11 ವರೆ. ಅಂದರೆ ಅವನ ದೇಹದ ಕ್ಯಾಲೆಂಡರ್ ಎರಡು ವರ್ಷ ಹಿಂದೆ ಓಡುತ್ತಿದೆ, ಬೆಳೆಯಲು ಎರಡು ವರ್ಷ ಜಾಸ್ತಿಯೂ ಉಳಿದಿದೆ. ಅಪ್ಪ 170, ಅಮ್ಮ 155 ಸೆಂಟಿಮೀಟರ್ ಎನ್ನೋಣ. ಎರಡನ್ನೂ ಕೂಡಿ, ಹುಡುಗ ಆದ್ದರಿಂದ 13 ಸೇರಿಸಿ, ಎರಡರಿಂದ ಭಾಗಿಸಿದರೆ 169. ಅವನು ಕೊನೆಗೆ ಅದರ ಹತ್ತಿರ ಎಲ್ಲೋ ನಿಲ್ಲುತ್ತಾನೆ. ಸುಮಾರು 168 ಅಂತ ಇಟ್ಟುಕೊಳ್ಳಿ. ಇದು ಅಂದಾಜು ಮಾತ್ರ. ಐದಾರು ಸೆಂಟಿಮೀಟರ್ ಆಚೀಚೆ ಆಗುವುದು ಮಾಮೂಲು.

ಮೂರನೆಯದು ಸ್ವಲ್ಪ ಸಂಕೋಚದ ಪರೀಕ್ಷೆ. ದಾರದಲ್ಲಿ ಪೋಣಿಸಿದ ಮಣಿಗಳ ಸರ ಒಂದಿದೆ. 1 ಮಿಲಿಲೀಟರಿನಿಂದ 25ರವರೆಗೆ ಬೇರೆ ಬೇರೆ ಗಾತ್ರದ ಮಣಿಗಳು. ಸ್ವಿಟ್ಜರ್ಲೆಂಡಿನ ಪ್ರಾಡರ್ ಎಂಬ ಡಾಕ್ಟರ್ ಮಾಡಿದ ಸಾಧನ ಅದು. ಹುಡುಗನ ವೃಷಣದ ಗಾತ್ರವನ್ನು ಮಣಿಗೆ ಹೋಲಿಸಿ ನೋಡುತ್ತಾರೆ. 4ರ ಮಣಿಗೆ ಬಂದರೆ ಹರೆಯ ಶುರುವಾಯಿತು ಅಂತ ಅರ್ಥ. ಸುಹಾಸ ಮೊದಲ ಭೇಟಿಯಲ್ಲಿ 3ರಲ್ಲಿ ಇರುತ್ತಾನೆ. ಡಾಕ್ಟರ್ ಔಷಧಿ ಬರೆಯದೆ ‘ಆರು ತಿಂಗಳು ಬಿಟ್ಟು ಬನ್ನಿ’ ಅನ್ನುತ್ತಾರೆ. ಅಪ್ಪನಿಗೆ ಫೀಸು ದಂಡ ಅನಿಸುತ್ತದೆ. ಆರು ತಿಂಗಳ ಮೇಲೆ ಬಂದಾಗ ಎತ್ತರ ಬರೀ 2 ಸೆಂಟಿಮೀಟರ್ ಜಾಸ್ತಿ. ಅಪ್ಪನ ಮುಖ ಇಳಿಯುತ್ತದೆ, ಡಾಕ್ಟರ್ ಮಾತ್ರ ನಗುತ್ತಾರೆ. ಯಾಕೆಂದರೆ ಮಣಿ 4ಕ್ಕೆ ಬಂದಿರುತ್ತದೆ. ಹುಡುಗರಲ್ಲಿ ಎತ್ತರದ ಜೋರು ಬರುವುದು ಇದಾಗಿ ಒಂದೂವರೆ, ಎರಡು ವರ್ಷಕ್ಕೆ, 10-12ರ ಮಣಿಯ ಹೊತ್ತಿಗೆ. ಹರೆಯ ಹೊರಗೆ ಕಾಣುವ ಮುಂಚೆ ಡಾಕ್ಟರಿಗೆ ಮಾತ್ರ ಗೊತ್ತಿರುತ್ತದೆ.

ಇಲ್ಲಿ ಒಂದು ಎಚ್ಚರ, ಕಥೆಗಲ್ಲ, ಓದುವ ತಂದೆತಾಯಂದಿರಿಗೆ. ಗಿಡ್ಡ ಇರುವವರೆಲ್ಲ ಸುಹಾಸನ ಹಾಗಲ್ಲ. 14 ದಾಟಿದರೂ ಹರೆಯದ ಗುರುತೇ ಇಲ್ಲದಿದ್ದರೆ, ಬೆಳವಣಿಗೆ ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕೆಳಗೆ ಇಳಿದರೆ, ಚಾರ್ಟಿನಲ್ಲಿ ಚುಕ್ಕೆ ಗೆರೆಯಿಂದ ಗೆರೆಗೆ ಜಾರುತ್ತಿದ್ದರೆ ತೋರಿಸಲೇಬೇಕು. ಪದೇ ಪದೇ ತಲೆನೋವು, ಬಹಳ ದಿನದ ಭೇದಿ, ರಕ್ತ ಕಡಿಮೆ, ವಾಸನೆಯೇ ಗೊತ್ತಾಗದಿರುವುದು, ಇವೆಲ್ಲ ಬೇರೆ ಕಾಯಿಲೆಯ ಸೂಚನೆ ಆಗಿರಬಹುದು. ಥೈರಾಯ್ಡ್ ಕೊರತೆ, ಗೋಧಿ ಒಗ್ಗದ ಕಾಯಿಲೆ ಎರಡೂ ಎತ್ತರ ಕುಗ್ಗಿಸುತ್ತವೆ, ಎರಡಕ್ಕೂ ದಾರಿಯಿದೆ. ಹರೆಯ ತಡವಾಗಿ ಹುಡುಗ ತೀರಾ ಕುಗ್ಗಿಹೋಗಿದ್ದರೆ, ಕೆಲವರಿಗೆ ನಾವು ಕೆಲವು ತಿಂಗಳು ಸಣ್ಣ ಪ್ರಮಾಣದ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಡುವುದೂ ಉಂಟು. ಅದು ಸ್ವಂತ ಹರೆಯಕ್ಕೆ ಒಂದು ನೂಕು ಅಷ್ಟೇ.

ಕಥೆಗೆ ವಾಪಸ್ ಬರೋಣ. ನೀವು ಕೇಳುವ ಆರು ಇಂಚು ಸುಹಾಸನಿಗೆ ಖಂಡಿತ ಸಿಗುತ್ತದೆ, ಆದರೆ ಎರಡು ವರ್ಷದಲ್ಲಿ. ಎಂಟು ಮುಗಿದ ಮೇ: 142.5. ಒಂಬತ್ತು ಮುಗಿದ ಮೇ: 149. ಹತ್ತು ಮುಗಿದ ಮೇ: 157.5. ಕೂಡಿ ನೋಡಿ, ಸರಿಯಾಗಿ 15 ಸೆಂಟಿಮೀಟರ್. ಮುಂಬೈಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಒಂಬತ್ತು ಮುಗಿದ ಬೇಸಿಗೆಯಲ್ಲಿ ಹತ್ತನೆಯ ಕ್ಲಾಸಿನ ಕೋಚಿಂಗ್ ಶುರುವಾಗಿಬಿಡುತ್ತದೆ, ಯಾರೂ ಊರಿಗೆ ಹೋಗುವುದಿಲ್ಲ. ಅಜ್ಜಿ ಅವನನ್ನು ಎರಡು ವರ್ಷ ನೋಡಿರುವುದಿಲ್ಲ. ಆ ಎರಡು ವರ್ಷದಲ್ಲಿ ಅವನು ಫೋನಿನಲ್ಲಿ ಬರೀ ದನಿ. ಅದೂ ಒಡೆದ ದನಿ, ಅಜ್ಜಿ ‘ಯಾರು ಮಾತಾಡೂದು’ ಅಂತ ಕೇಳುತ್ತಾರೆ.

ಹತ್ತನೆಯ ಪರೀಕ್ಷೆ ಮಾರ್ಚಿನಲ್ಲಿ ಮುಗಿಯುತ್ತದೆ. ಆಮೇಲೆ ಕಾಲೇಜು ಸೇರುವವರೆಗೆ ಮೂರು ನಾಲ್ಕು ತಿಂಗಳು ಖಾಲಿ. ನಮ್ಮ ಮಕ್ಕಳ ಜೀವನದ ಅತಿ ಉದ್ದದ ಬೇಸಿಗೆ ಅದು. ನಿಮ್ಮ ‘ಒಂದು ಬೇಸಿಗೆ’ ಇದೇ ಆಗಬೇಕು. ಪರೀಕ್ಷೆ ಮುಗಿದಾಗ 156 ಇದ್ದವನು ಜುಲೈಗೆ 159. ಮೂರು ಸೆಂಟಿಮೀಟರ್, ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಗೆಳೆಯರಿಗೆ ಅಷ್ಟೇ ಸಾಕು. ಅವರು ಬೇಗ ಬೆಳೆದು ಮುಗಿಸಿದವರು, ಈಗ ನಿಂತಲ್ಲೇ ನಿಂತಿರುತ್ತಾರೆ. ನಿಂತವರ ನಡುವೆ ಒಬ್ಬ ಮೇಲೆ ಬಂದರೆ ಬೇಗ ಕಾಣುತ್ತದೆ.

ಬೆಳವಣಿಗೆ ಬರುವ ಕ್ರಮವನ್ನೂ ಸರಿ ಮಾಡಿ. ಮೊದಲು ಉದ್ದ ಆಗುವುದು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ ಮತ್ತು ಭುಜ. ಹಾಗಾಗಿ ನಿಮ್ಮ ಕಥೆಯಲ್ಲಿ ಮೊದಲ ಸುಳಿವು ಕೊಡಬೇಕಾದದ್ದು ಶೂ. ಒಂಬತ್ತನೆಯದರ ಜೂನ್‌ನಲ್ಲಿ ಮಳೆಗಾಲಕ್ಕೆಂದು ತಂದ ಶೂ ಗಣಪತಿ ಹಬ್ಬದ ಹೊತ್ತಿಗೆ ಬೆರಳು ಕಚ್ಚುತ್ತದೆ. ಅಮ್ಮ ಬೈಯುತ್ತಾಳೆ, ‘ಹೊಸದು ಇನ್ನೂ ಮೂರು ತಿಂಗಳಾಗಿಲ್ಲ’. ಯಾರಿಗೂ ಅದು ಬೆಳವಣಿಗೆ ಅಂತ ಹೊಳೆಯುವುದಿಲ್ಲ. ಆಮೇಲೆ ಪ್ಯಾಂಟು. ಟೈಲರ್ ಕೆಳಗಿನ ಮಡಿಕೆ ಬಿಚ್ಚಿ ಇಳಿಸುತ್ತಾನೆ, ಹಳೆ ಮಡಿಕೆಯ ಗೆರೆ ಮಾತ್ರ ತೊಳೆದರೂ ಹೋಗುವುದಿಲ್ಲ. ಅಂಗಿ ಭುಜದಲ್ಲಿ ಬಿಗಿಯಾಗುವುದು ಇದಾದ ಮೇಲೆಯೇ. ನೀವು ಮೊದಲ ಪುಟದಲ್ಲೇ ಅಂಗಿಯ ಗುಂಡಿ ಕಿತ್ತುಹೋಗುವಂತೆ ಬರೆದಿದ್ದರೆ ಅದನ್ನು ಕಥೆಯ ಕೊನೆಗೆ ಸಾಗಿಸಿ.

ಮಾವಿನ ಕೊಂಬೆ ಇರಲಿ, ತೆಗೆಯಬೇಡಿ. ಈ ವಯಸ್ಸಿನ ಹುಡುಗರು ನೇತಾಡದೆ ಬಿಡುವುದಿಲ್ಲ. ಲೋಕಲ್ ಟ್ರೇನಿನ ಹಿಡಿಕೆಗೂ ಸುಮ್ನೆ ಜೋತುಬೀಳುತ್ತಾರೆ. ಆದರೆ ಅದರಿಂದ ಉದ್ದ ಆದ ಅನ್ನುವ ಅರ್ಥ ನಿರೂಪಕನ ಬಾಯಲ್ಲಿ ಬರಬಾರದು. ಹುಡುಗ ನಂಬಲಿ, ಕಥೆ ನಂಬಬಾರದು.

ಇನ್ನು ತಳ್ಳಿ ಬೀಳಿಸುವ ದೃಶ್ಯ. ಅದು ನಡೆಯುವುದಿಲ್ಲ. ಹುಡುಗರಲ್ಲಿ ಮೊದಲು ಎತ್ತರ ಬರುತ್ತದೆ, ಶಕ್ತಿ ಅದರ ಹಿಂದೆ, ಸುಮಾರು ಒಂದು ವರ್ಷ ತಡವಾಗಿ. ಆ ಜುಲೈಯಲ್ಲಿ ಸುಹಾಸ ಒಂದು ಬಿದಿರು ಕಡ್ಡಿ. ಕೈಕಾಲು ಹೊಸದಾಗಿ ಉದ್ದ ಆಗಿ ಎಲ್ಲಿ ಇಡಬೇಕು ಗೊತ್ತಾಗದೆ ಲೋಟ ಉರುಳಿಸುತ್ತಾನೆ, ಕ್ರಿಕೆಟ್‌ನಲ್ಲಿ ಸುಲಭದ ಕ್ಯಾಚ್ ಬಿಡುತ್ತಾನೆ. ಕಾಡಿದ ಹುಡುಗ 12ಕ್ಕೇ ಬೆಳೆಯಲು ಶುರುಮಾಡಿದವನು, ಈಗ 167. ಸುಹಾಸ ಅವನಿಗಿಂತ ಇನ್ನೂ ಎಂಟು ಸೆಂಟಿಮೀಟರ್ ಗಿಡ್ಡ, ತೂಕದಲ್ಲಂತೂ ಅರ್ಧದ ಹಾಗೆ. ತಳ್ಳಿದರೆ ಬೀಳುವವನು ಸುಹಾಸನೇ.

ಅವರಿಬ್ಬರೂ ಕಾಲೇಜಿನ ಅಡ್ಮಿಷನ್ ಸಾಲಿನಲ್ಲಿ ಸಿಗಲಿ. ಹಿಂದೆ ಅವನ ಅಂಗಿಯ ಎರಡನೇ ಗುಂಡಿಯ ಮಟ್ಟಕ್ಕಿದ್ದ ಸುಹಾಸನ ಕಣ್ಣು ಈಗ ಅವನ ಬಾಯಿಯ ಮಟ್ಟಕ್ಕೆ ಬಂದಿರುತ್ತದೆ. ‘ಹಾಫ್ ಟಿಕೆಟ್’ ಅನ್ನಲು ಬಾಯಿ ತೆರೆದವನು ಒಂದು ಕ್ಷಣ ತಡೆಯಬಹುದು, ತಡೆಯದೆ ಅಂದೂ ಬಿಡಬಹುದು. ಎರಡೂ ನಂಬುವಂಥದ್ದೇ, ನಿಮಗೆ ಬಿಟ್ಟದ್ದು. ಆದರೆ ‘ಅಂದಿಗೆ ಅವನ ಬೆಳವಣಿಗೆ ಪೂರ್ತಿಯಾಯಿತು’ ಎನ್ನುವ ಧಾಟಿಯ ಮುಕ್ತಾಯ ಮಾತ್ರ ಬೇಡ. ಆ ಸಾಲಿನಲ್ಲಿ ನಿಂತಾಗ ಅವನಿಗೆ ಇನ್ನೂ 9 ಸೆಂಟಿಮೀಟರ್ ಬಾಕಿ ಇದೆ. ಅದು ಮುಗಿಯುವಾಗ 19 ಆಗಿರುತ್ತದೆ, ಆ ಹೊತ್ತಿಗೆ ಕಾಡಿದವನು ಎಲ್ಲಿರುತ್ತಾನೋ ಏನೋ.